ಬಸ್ಸಿನಲ್ಲಿ ಹೊಟ್ಟೆ ತೊಳಸುವವರಿಗೆ ಮೊದಲ ವಿಆರ್ ಆಟ: ಆರಿಸುವುದು ಹೇಗೆ?

ಮೈಸೂರು, ಮಂಡ್ಯ ಕಡೆಯ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: "ಮಡಿಕೇರಿ ಬಸ್ಸು ಹತ್ತಿದರೆ ಕುಶಾಲನಗರ ದಾಟುತ್ತಿದ್ದ ಹಾಗೇ ನನಗೆ ವಾಂತಿ ಶುರು. ಈಗ ಮನೆಗೆ ವಿಆರ್ ಬಂದಿದೆ. ನಾನು ಆಡಬಹುದಾ? ಆಡೋದಾದ್ರೆ ಯಾವುದರಿಂದ ಶುರು ಮಾಡಲಿ?"

ಬಹುತೇಕರು ಆಡಬಹುದು. ಆದರೆ ಮೊದಲ ಆಟವನ್ನು ನೆಂಟರ ಮಕ್ಕಳ ಕೈಲಿ ಆರಿಸಲು ಬಿಡಬೇಡಿ. ಅವರು ತಮಗೆ ಮಜಾ ಕೊಟ್ಟಿದ್ದನ್ನು ನಿಮ್ಮ ತಲೆಗೆ ಹಾಕುತ್ತಾರೆ, ಐದು ನಿಮಿಷದಲ್ಲಿ ನೀವು ಬಚ್ಚಲುಮನೆ ಕಡೆ ಓಡುತ್ತೀರಿ, ಆಮೇಲೆ ಆ ಪೆಟ್ಟಿಗೆಯನ್ನು ಕಂಡರೇ ಬೇಡ ಅನ್ನಿಸುತ್ತದೆ. ಈ ಲೇಖನ ಮೆಟಾ ಕ್ವೆಸ್ಟ್ ಥರದ, ಕಂಪ್ಯೂಟರ್ ಇಲ್ಲದೆ ತಾನೇ ನಡೆಯುವ ಹೆಡ್‌ಸೆಟ್ ಇಟ್ಟುಕೊಂಡವರಿಗೆ. ಹೆಡ್‌ಸೆಟ್ ಅಂದರೆ ಕಣ್ಣು ಮುಚ್ಚುವಂತೆ ತಲೆಗೆ ಕಟ್ಟಿಕೊಳ್ಳುವ ಪರದೆ, ವಿಆರ್ ಅಂದರೆ ಅದರೊಳಗೆ ನಿಮ್ಮ ಸುತ್ತಲೂ ಇರುವಂತೆ ಕಾಣುವ ಕೃತಕ ಲೋಕ.

ಮೊದಲೇ ಒಂದು ಎಚ್ಚರಿಕೆ. ಮೂರ್ಛೆರೋಗ ಇರುವವರು, ಒಳಕಿವಿಯ ತೊಂದರೆಯಿಂದ ಆಗಾಗ ತಲೆ ಸುತ್ತು ಬರುವವರು, ಮೈಗ್ರೇನ್ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

1. ಏಕೆ ಹೀಗಾಗುತ್ತದೆ ಎಂದು ತಿಳಿದುಕೊಳ್ಳಿ

ನಾವು ಚಲಿಸುತ್ತಿದ್ದೇವೆಯೇ ಎಂದು ಮೆದುಳಿಗೆ ಸುದ್ದಿ ಕೊಡುವವರಲ್ಲಿ ಮುಖ್ಯರು ಇಬ್ಬರು: ಕಣ್ಣು ಮತ್ತು ಒಳಕಿವಿ. ಒಳಕಿವಿಯಲ್ಲಿರುವ ಸಮತೋಲನದ ಅಂಗ ತಲೆ ತಿರುಗಿದ್ದನ್ನೂ, ವೇಗ ಹೆಚ್ಚು ಕಡಿಮೆ ಆದದ್ದನ್ನೂ ಗುರುತಿಸುತ್ತದೆ. ಬಸ್ಸಿನಲ್ಲಿ ಮೊಬೈಲ್ ನೋಡುತ್ತಾ ಕೂತಾಗ ಒಳಕಿವಿ "ತಿರುವು ಬಂತು" ಅನ್ನುತ್ತದೆ, ಕಣ್ಣು "ಏನೂ ಅಲುಗುತ್ತಿಲ್ಲ" ಅನ್ನುತ್ತದೆ. ವಿಆರ್‌ನಲ್ಲಿ ಇದೇ ಜಗಳ ತಿರುಗಾಮುರುಗಾ. ಕಣ್ಣಿಗೆ ಓಟ ಕಾಣುತ್ತದೆ, ದೇಹ ಮಾತ್ರ ಸೋಫಾದ ಮೇಲೆ ಕದಲದೆ ಕೂತಿರುತ್ತದೆ.

ಕಣ್ಣಿನ ಮಾತು ಎಷ್ಟು ಬಲವಾದದ್ದು ಎನ್ನುವುದು ಮಂಡ್ಯ ಸ್ಟೇಷನ್ನಿನಲ್ಲಿ ರೈಲಿನೊಳಗೆ ಕೂತವರಿಗೆ ಗೊತ್ತಿರುತ್ತದೆ. ಪಕ್ಕದ ಹಳಿಯ ಗಾಡಿ ಹೊರಟರೆ ನಮ್ಮದೇ ಹೊರಟಂತೆ ಆಗುತ್ತದೆ. ಕಿಟಕಿಯ ಅಳತೆಯ ದೃಶ್ಯಕ್ಕೇ ಹಾಗಾದರೆ, ವಿಆರ್ ನಿಮ್ಮ ನೋಟವನ್ನು ಬಹುಪಾಲು ಆವರಿಸಿಬಿಡುತ್ತದೆ.

ಇನ್ನೊಂದು ಗಮನಿಸಿ. ಎಷ್ಟೇ ತಿರುವಿದ್ದರೂ ಡ್ರೈವರ್‌ಗೆ ವಾಂತಿ ಬರುವುದು ಅಪರೂಪ. ಸ್ಟೇರಿಂಗ್ ಅವರ ಕೈಯಲ್ಲಿದೆ, ಮುಂದೇನಾಗುತ್ತದೆ ಎಂದು ಅವರ ಮೆದುಳಿಗೆ ಮೊದಲೇ ಗೊತ್ತು. ಆಟ ಆರಿಸುವಾಗ ಈ ಮಾತು ಕೆಲಸಕ್ಕೆ ಬರುತ್ತದೆ.

2. ಪ್ರತಿ ಆಟಕ್ಕೂ ಈ ಪ್ರಶ್ನೆ ಕೇಳಿ: ಇಲ್ಲಿ ನನ್ನನ್ನು ಕದಲಿಸುವವರು ಯಾರು?

ಆಟ ಎಂಥದ್ದು, ಶೂಟಿಂಗೋ ಒಗಟೋ ಸಂಗೀತವೋ ಎನ್ನುವುದು ಆಮೇಲಿನ ಮಾತು. ಚಿತ್ರ ಚೆನ್ನಾಗಿದೆಯೇ, ಭಯಾನಕವಾಗಿದೆಯೇ ಎನ್ನುವುದೂ ಅಷ್ಟೇ. ಹೊಟ್ಟೆಯ ಪ್ರಶ್ನೆ ಒಂದೇ: ನಾನು ತಲೆ ಅಲುಗಿಸದೆ ಇದ್ದಾಗ ಸುತ್ತಲಿನ ಲೋಕ ಅಲುಗುತ್ತದೆಯೇ? ಇದಕ್ಕೆ ಸಿಗುವ ಉತ್ತರದ ಮೇಲೆ ಆಟಗಳನ್ನು ಹೀಗೆ ಬೇರೆ ಮಾಡಬಹುದು.

ಮೊದಲನೆಯವು, ನಿಮ್ಮನ್ನು ನೀವೇ ಕದಲಿಸಿಕೊಳ್ಳುವ ಆಟಗಳು. ನೀವು ಒಂದು ಹೆಜ್ಜೆ ಇಟ್ಟರೆ ಆಟದಲ್ಲೂ ಒಂದು ಹೆಜ್ಜೆ, ಬಗ್ಗಿದರೆ ಬಗ್ಗಿದಷ್ಟೇ. ಕಣ್ಣು, ಕಿವಿ ಒಂದೇ ಸುದ್ದಿ ಹೇಳುತ್ತವೆ. ವಸ್ತುಗಳು ನಿಮ್ಮ ಕಡೆ ಹಾರಿ ಬಂದರೂ ತೊಂದರೆಯಿಲ್ಲ, ನೆಲ ಮತ್ತು ಗೋಡೆ ಸುಮ್ಮನಿದ್ದರೆ ಸಾಕು. ನಿಮ್ಮ ಮೊದಲ ಆಟ ಈ ಗುಂಪಿನಿಂದಲೇ ಬರಬೇಕು.

ಆಮೇಲಿನವು, ನೆಗೆದು ಹೋಗುವ ಆಟಗಳು. ಮೆನುಗಳಲ್ಲಿ ಇದಕ್ಕೆ Teleport ಎನ್ನುತ್ತಾರೆ. ಕೈಯಿಂದ ಜಾಗ ತೋರಿಸಿ ಗುಂಡಿ ಬಿಟ್ಟರೆ, ನಡುವಿನ ದಾರಿ ಕಾಣದೆ ನೇರ ಅಲ್ಲಿರುತ್ತೀರಿ. ಜಾಗ ಬದಲಾಯಿತು, ಆದರೆ ಚಲನೆ ಕಾಣಲಿಲ್ಲ, ಹಾಗಾಗಿ ಒಳಕಿವಿಗೆ ತಕರಾರಿಲ್ಲ. ಇವು ಎರಡನೇ ಆಟವಾಗಲು ಲಾಯಕ್ಕು.

ಇನ್ನುಳಿದವು ಕೈಯಲ್ಲಿರುವ ಕಂಟ್ರೋಲರಿನ ಕಡ್ಡಿ ತಳ್ಳಿದರೆ ಜಾರುತ್ತಾ ಹೋಗುವ ಆಟಗಳು ಮತ್ತು ರೋಲರ್ ಕೋಸ್ಟರಿನಂತೆ ನಿಮ್ಮನ್ನು ಕೂರಿಸಿ ಎಳೆದುಕೊಂಡು ಹೋಗುವವು. ಕಡ್ಡಿ ತಳ್ಳುವಾಗ ಕನಿಷ್ಠ ಸ್ಟೇರಿಂಗ್ ನಿಮ್ಮ ಕೈಯಲ್ಲಿರುತ್ತದೆ. ರೋಲರ್ ಕೋಸ್ಟರ್‌ನಲ್ಲಿ ಅದೂ ಇಲ್ಲ. ಇವುಗಳಲ್ಲಿ ಅತಿ ಹೆಚ್ಚು ಕಾಡುವುದು ನೇರ ಓಟಕ್ಕಿಂತ ತಿರುಗುವಿಕೆ. ನೀವು ಕುತ್ತಿಗೆ ತಿರುಗಿಸದೆ ಲೋಕ ನಿಧಾನವಾಗಿ ಸುತ್ತಿದರೆ, ಗಟ್ಟಿ ಹೊಟ್ಟೆಯವರಿಗೂ ಕಷ್ಟ. ವೇಗ ಥಟ್ಟನೆ ಏರಿಳಿಯುವುದು, ಮೆಟ್ಟಿಲು, ಜಿಗಿತ ಇವೂ ಕೆಟ್ಟವೇ.

ಮಾಲ್‌ಗಳಲ್ಲೋ ಮೇಳಗಳಲ್ಲೋ ದುಡ್ಡು ಕೊಟ್ಟು ಕೂತವರಿಗೆ ಹೆಚ್ಚಾಗಿ ತೋರಿಸುವುದು ಇದೇ ರೋಲರ್ ಕೋಸ್ಟರನ್ನು. ಅಲ್ಲಿ ತಲೆ ಸುತ್ತಿತು ಎಂದು "ನನಗೆ ವಿಆರ್ ಆಗಿಬರಲ್ಲ" ಎಂದು ತೀರ್ಮಾನಿಸಬೇಡಿ. ಮೊಬೈಲ್ ಒಳಗಿಟ್ಟು ನೋಡುವ ಅಗ್ಗದ ಡಬ್ಬಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಅವು ತಲೆ ತಿರುಗಿಸಿದ್ದನ್ನು ಮಾತ್ರ ಗುರುತಿಸುತ್ತವೆ. ನೀವು ಮುಂದಕ್ಕೆ ಬಾಗಿದರೆ ದೃಶ್ಯ ಹತ್ತಿರವಾಗುವುದಿಲ್ಲ, ಜೊತೆಜೊತೆಗೇ ಬಾಗುತ್ತದೆ. ವಾಕರಿಕೆಗೆ ಅಷ್ಟು ಸಾಕು.

3. ಕೊಳ್ಳುವ ಮುನ್ನ ಸ್ಟೋರಿನ ಪುಟ ಓದಿ

ಮೆಟಾ ಸ್ಟೋರಿನಲ್ಲಿ ಆಟಗಳಿಗೆ ಆರಾಮದ ದರ್ಜೆ ಕೊಟ್ಟಿರುತ್ತಾರೆ: Comfortable, Moderate, Intense. ಮೊದಲನೆಯದು ದೃಶ್ಯ ತಾನಾಗಿ ಕದಲುವುದನ್ನು ಆದಷ್ಟು ತಪ್ಪಿಸುವ ಆಟ, ಕೊನೆಯದು ಹೊಸಬರಿಗೆ ಬೇಡವೇ ಬೇಡ. ನಿಮಗೆ Comfortable ಮಾತ್ರ. Moderate ಎಂದಿದ್ದರೆ "ಪರವಾಗಿಲ್ಲ ಬಿಡು" ಅನ್ನಬೇಡಿ. ಆ ಮಾತು ಬಸ್ಸಿನಲ್ಲಿ ಏನೂ ಆಗದವರಿಗೆ.

ದರ್ಜೆಯೊಂದನ್ನೇ ನಂಬಿ ದುಡ್ಡು ಹಾಕಬೇಡಿ. ಯೂಟ್ಯೂಬ್‌ನಲ್ಲಿ ಯಾರಾದರೂ ಆ ಆಟ ಆಡುತ್ತಿರುವ ವಿಡಿಯೊ ತೆಗೆದು ಎರಡು ನಿಮಿಷ ನೋಡಿ. ಜಾಹೀರಾತಿನ ಟ್ರೈಲರ್ ಬೇಡ, ಅದರಲ್ಲಿ ಕ್ಯಾಮೆರಾ ಬೇಕೆಂದೇ ಹಾರಾಡಿಸಿರುತ್ತಾರೆ. ಆಡುವವರ ಕೈ ಅಲುಗದಿದ್ದಾಗ ನೆಲ ಹಿಂದಕ್ಕೆ ಸರಿಯುತ್ತಿದೆಯೇ ಎಂದು ನೋಡಿ. ಸರಿದರೆ ಬಿಡಿ. ಅವರ ತಲೆಯ ಅಲುಗಾಟದಿಂದ ವಿಡಿಯೊ ಅಲ್ಲಾಡುವುದು ಬೇರೆ, ಅದು ನಿಮ್ಮ ತಲೆಯ ಮೇಲೆ ಹೆಡ್‌ಸೆಟ್ ಇರುವಾಗ ತೊಂದರೆ ಕೊಡುವುದಿಲ್ಲ.

ಕೊಂಡ ಮೇಲೆ ಒಗ್ಗದಿದ್ದರೆ ಹಣ ವಾಪಸ್ ಪಡೆಯುವ ದಾರಿಯೂ ಇದೆ. ಮೆಟಾ ಸ್ಟೋರಿನ ನಿಯಮದಂತೆ ಕೊಂಡ 14 ದಿನದೊಳಗೆ, ಆಡಿದ ಸಮಯ 2 ಗಂಟೆ ಮೀರದಿದ್ದರೆ ಕೇಳಬಹುದು. ನೀವು ಆಡುವುದು ಹತ್ತು ಹತ್ತು ನಿಮಿಷವಾದ್ದರಿಂದ ಎರಡು ಗಂಟೆ ಬೇಗ ಮುಗಿಯುವುದಿಲ್ಲ. ಮಕ್ಕಳು ಅದೇ ಆಟ ಆಡಿ ಆ ಸಮಯ ತಿಂದುಹಾಕದಂತೆ ಮಾತ್ರ ನೋಡಿಕೊಳ್ಳಿ.

4. ಆರಿಸಿ: ಒಂದು ಉದಾಹರಣೆ

ಮಂಡ್ಯದಲ್ಲಿರುವ ನನ್ನ ಚಿಕ್ಕಮ್ಮನ ಮಗಳ ವಿಷಯವನ್ನೇ ತೆಗೆದುಕೊಳ್ಳೋಣ. ಮೂವತ್ತು ದಾಟಿದ ಹೈಸ್ಕೂಲ್ ಟೀಚರ್, ಕಾರಿನ ಹಿಂದಿನ ಸೀಟಿನಲ್ಲಿ ಕೂತರೆ ಶ್ರೀರಂಗಪಟ್ಟಣ ಬರುವುದರೊಳಗೆ ಕಿಟಕಿ ಇಳಿಸುವವಳು. ಅವಳ ತಮ್ಮ ಕ್ವೆಸ್ಟ್ 3ಎಸ್ ತಂದಿದ್ದ. ಮುಂದಿದ್ದ ಆಯ್ಕೆಗಳು ನಾಲ್ಕು.

ತಮ್ಮ ಹೇಳಿದ್ದು ಗೊರಿಲ್ಲಾ ಟ್ಯಾಗ್. ಬಿಟ್ಟಿ ಸಿಗುತ್ತದೆ, ಮಕ್ಕಳಿಗೆ ಪ್ರಾಣ. ಕೈಯಿಂದ ನೆಲ ತಳ್ಳಿಕೊಂಡು ಕೋತಿಯಂತೆ ನೆಗೆಯಬೇಕು. ತಳ್ಳುವುದು ನಿಮ್ಮದೇ ಕೈಯಾದರೂ ನೆಗೆದ ಮೇಲೆ ಇಡೀ ಲೋಕ ಮೇಲೆ ಕೆಳಗೆ ಹಾರುತ್ತದೆ, ಕಾಲು ಮಾತ್ರ ನೆಲದ ಮೇಲೇ ಇರುತ್ತದೆ. ನಮ್ಮ ಪ್ರಶ್ನೆಗೆ ಇದು ಮೊದಲ ನೋಟಕ್ಕೇ ಫೇಲು.

ಎಲ್ಲರೂ ಸೂಚಿಸುವುದು ಬೀಟ್ ಸೇಬರ್. ನಿಂತಲ್ಲೇ ನಿಂತು, ಹಾಡಿನ ತಾಳಕ್ಕೆ ತೇಲಿ ಬರುವ ಡಬ್ಬಗಳನ್ನು ಬೆಳಕಿನ ಕತ್ತಿಯಿಂದ ಸೀಳುವ ಆಟ. ನೆಲ ಕದಲುವುದಿಲ್ಲ, ಪ್ರಶ್ನೆಯಲ್ಲಿ ಪಾಸು. ಆದರೂ ತೀರಾ ಸೂಕ್ಷ್ಮದವರ ಮೊದಲ ದಿನಕ್ಕೆ ನಾನಿದನ್ನು ಹೇಳುವುದಿಲ್ಲ. ಎರಡು ಹಾಡಿಗೆ ಮೈ ಬೆವರುತ್ತದೆ, ಮುಖ ಬಿಸಿಯಾಗುತ್ತದೆ, ಏದುಸಿರು ಬರುತ್ತದೆ. ವಾಕರಿಕೆಯ ಮುನ್ಸೂಚನೆಗಳೂ ಬೆವರು ಮತ್ತು ಬಿಸಿಯೇ. ಯಾವುದು ಆಟದ ದಣಿವು, ಯಾವುದು ಹೊಟ್ಟೆಯ ದೂರು ಎಂದು ಹೊಸಬರಿಗೆ ಗೊತ್ತಾಗುವುದಿಲ್ಲ. ಏಪ್ರಿಲ್ ತಿಂಗಳ ಮಂಡ್ಯದಲ್ಲಂತೂ ಕೇಳಲೇಬೇಡಿ.

ಮೂರನೆಯದು ಮಾಸ್. ನಿಮ್ಮೆದುರು ಆಟಿಕೆಯ ಕಾಡಿನಂಥ ಪುಟ್ಟ ಲೋಕ, ಅದರೊಳಗೆ ಕ್ವಿಲ್ ಎಂಬ ಇಲಿಮರಿ. ಇಲಿಯನ್ನು ನೀವು ಕಂಟ್ರೋಲರಿನಿಂದ ಓಡಿಸುತ್ತೀರಿ, ನೀವು ಕುರ್ಚಿಯಲ್ಲೇ ಇರುತ್ತೀರಿ. ಒಂದು ಜಾಗ ಮುಗಿದಾಗ ದೃಶ್ಯ ಇಡಿಯಾಗಿ ಬದಲಾಗುತ್ತದೆ, ಜಾರುವುದಿಲ್ಲ. ಕಥೆ ಬೇಕೆನ್ನುವವರಿಗೆ ಒಳ್ಳೆಯದು. ಕಥೆ ಇಂಗ್ಲಿಷಿನಲ್ಲಿದೆ ಅನ್ನುವುದು ಮನೆಯ ಹಿರಿಯರಿಗೆ ಅಡ್ಡಿಯಾಗಬಹುದು.

ನಾಲ್ಕನೆಯದು Puzzling Places, 2021ರಲ್ಲಿ ಬಂದದ್ದು. ಸಾವಿರಾರು ಫೋಟೊಗಳಿಂದ ಕಟ್ಟಿದ, ನಿಜವಾದ ಕಟ್ಟಡ ಮತ್ತು ಊರುಗಳ ಚಿಕಣಿ ಮಾದರಿಗಳನ್ನು ತುಂಡು ಮಾಡಿ ನಿಮ್ಮ ಸುತ್ತ ತೇಲಿಬಿಟ್ಟಿರುತ್ತಾರೆ. ತುಂಡು ಹಿಡಿದು ತುಂಡಿಗೆ ಜೋಡಿಸಬೇಕು. ಆತುರವಿಲ್ಲ, ಸೋಲಿಲ್ಲ, ಓದಬೇಕಾದದ್ದು ಬಲು ಕಡಿಮೆ. ಅತಿ ಸಣ್ಣ ಒಗಟಿನಲ್ಲಿ 25 ತುಂಡು. ಇದಕ್ಕೆ ಇನ್ನೊಂದು ಅನುಕೂಲವಿದೆ. ಪಾಸ್‌ಥ್ರೂ ಹಾಕಿಕೊಳ್ಳಬಹುದು, ಅಂದರೆ ಹೆಡ್‌ಸೆಟ್ಟಿನ ಕ್ಯಾಮೆರಾ ಮೂಲಕ ನಿಮ್ಮ ಮನೆಯ ಹಾಲೇ ಕಾಣುತ್ತಿರುತ್ತದೆ, ಒಗಟು ಮಾತ್ರ ಅದರ ನಡುವೆ ತೇಲುತ್ತದೆ. ಗೊತ್ತಿರುವ ಗೋಡೆ, ಬಾಗಿಲು, ಟಿವಿ ಎಲ್ಲ ಇದ್ದ ಜಾಗದಲ್ಲೇ ಕಾಣುವುದರಿಂದ ಕಣ್ಣಿಗೆ ಹಿಡಿದುಕೊಳ್ಳಲು ಆಧಾರ ಸಿಗುತ್ತದೆ.

ಅವಳಿಗೆ ಹೇಳಿದ್ದು ಇದನ್ನೇ. ತುಂಬ ಸೂಕ್ಷ್ಮ ಇರುವ ಯಾರು ಕೇಳಿದರೂ ಮೊದಲು ಇದನ್ನೇ ಹೇಳುತ್ತೇನೆ. "ಇದೂ ಒಂದು ಆಟವಾ!" ಎಂದು ತಮ್ಮ ಮೂಗು ಮುರಿದ. ಮುರಿಯಲಿ.

5. ಆಟಕ್ಕೆ ಮೊದಲು ಹೆಡ್‌ಸೆಟ್ ಹೊಂದಿಸಿ

ಆಟ ಸರಿಯಾಗಿದ್ದರೂ ಹೆಡ್‌ಸೆಟ್ ತಪ್ಪಾಗಿ ಕೂತರೆ ತಲೆನೋವು ಖಚಿತ. ಎರಡು ಕಣ್ಣುಗುಡ್ಡೆಗಳ ನಡುವಿನ ಅಂತರಕ್ಕೆ ಲೆನ್ಸುಗಳ ಅಂತರ ಹೊಂದಬೇಕು. ಕ್ವೆಸ್ಟ್ 2 ಮತ್ತು 3ಎಸ್‌ನಲ್ಲಿ ಲೆನ್ಸನ್ನೇ ಕೈಯಿಂದ ಸರಿಸಬೇಕು, ಮೂರು ಸ್ಥಾನಗಳಿವೆ: 58, 63, 68 ಮಿಲಿಮೀಟರ್. ಕ್ವೆಸ್ಟ್ 3ರಲ್ಲಿ ಅಡಿಯಲ್ಲಿ ಸಣ್ಣ ಗಾಲಿ ಇದೆ, ತಿರುಗಿಸಿದರೆ ಆಯಿತು. ನಿಮ್ಮ ಅಂತರ ಗೊತ್ತಿಲ್ಲದಿದ್ದರೆ ಕನ್ನಡಕದಂಗಡಿಯಲ್ಲಿ ಕೇಳಿ, ಅಳೆದು ಹೇಳುತ್ತಾರೆ. ಮನೆಯಲ್ಲಿ ತಮ್ಮನದು ದೊಡ್ಡ ಅಂತರ, ಅಕ್ಕನದು ಸಣ್ಣದು ಇರುವುದು ಸಾಮಾನ್ಯ. ಪ್ರತಿ ಸಲ ಬದಲಿಸಿಕೊಳ್ಳಬೇಕು, ಅದನ್ನೇ ಎಲ್ಲರೂ ಮರೆಯುವುದು.

ಆಮೇಲೆ ಹೆಡ್‌ಸೆಟ್ಟನ್ನು ಮುಖದ ಮೇಲೆ ಒಂದಿಷ್ಟು ಮೇಲೆ ಕೆಳಗೆ ಸರಿಸಿ, ಅಕ್ಷರ ಚೂಪಾಗಿ ಕಾಣುವಲ್ಲಿ ನಿಲ್ಲಿಸಿ. ಪಟ್ಟಿ ಬಿಗಿಯಾಗಿರಲಿ, ಆದರೆ ಕೆನ್ನೆ ಒತ್ತದಿರಲಿ.

ಮೊದಲ ದಿನಗಳಲ್ಲಿ ಕಂಪ್ಯೂಟರಿನಿಂದ ವೈಫೈ ಮೂಲಕ ಆಟ ಹರಿಸಬೇಡಿ. ಸಿಗ್ನಲ್ ತಡವರಿಸಿದರೆ ನೀವು ತಲೆ ತಿರುಗಿಸಿದ ಒಂದು ಕ್ಷಣದ ಮೇಲೆ ದೃಶ್ಯ ತಿರುಗುತ್ತದೆ, ಆ ತಡವೇ ವಾಂತಿ ತರಿಸುತ್ತದೆ. ಹೆಡ್‌ಸೆಟ್ಟಿಗೇ ಇಳಿಸಿದ ಆಟ ಆಡಿ. ಕೋಣೆಯಲ್ಲಿ ಬೆಳಕು ಚೆನ್ನಾಗಿರಲಿ. ಕತ್ತಲಾದರೆ ಹೆಡ್‌ಸೆಟ್ಟಿನ ಕ್ಯಾಮೆರಾಗಳು ದಾರಿ ತಪ್ಪಿ ಲೋಕ ತೇಲಾಡತೊಡಗುತ್ತದೆ. ಆದರೆ ಬಿಸಿಲು ನೇರವಾಗಿ ಲೆನ್ಸಿನ ಮೇಲೆ ಬೀಳಕೂಡದು, ಒಳಗಿನ ಪರದೆ ಸುಟ್ಟುಹೋಗುತ್ತದೆ.

6. ಮೊದಲ ಹತ್ತು ನಿಮಿಷ

ಖಾಲಿ ಹೊಟ್ಟೆ ಬೇಡ, ಮುದ್ದೆ ಬಸ್ಸಾರು ಉಂಡು ಎದ್ದ ಕೂಡಲೇ ಕೂರುವುದೂ ಬೇಡ. ತಿಂಡಿ ತಿಂದು ಒಂದು ಗಂಟೆಯಾದ ಮೇಲೆ ಸರಿ. ತಿರುಗದ, ಗಾಲಿಯಿಲ್ಲದ ಕುರ್ಚಿಯಲ್ಲಿ ಕೂರಿ, ಪಾದ ಎರಡೂ ನೆಲಕ್ಕೆ ಊರಿರಲಿ. ಎದುರಿಗೆ ಟೇಬಲ್ ಫ್ಯಾನ್ ಇಡಿ. ಮುಖ ತಣ್ಣಗಿರುತ್ತದೆ, ಜೊತೆಗೆ "ಎದುರು" ಯಾವ ಕಡೆ ಎಂದು ಚರ್ಮಕ್ಕೆ ಗೊತ್ತಾಗುತ್ತಿರುತ್ತದೆ. ನಿಂತು ಆಡುವ ದಿನ ಬಂದಾಗ ಮೇಲಿನ ಸೀಲಿಂಗ್ ಫ್ಯಾನಿಗೆ ಕೈ ತಗಲದಷ್ಟು ಎತ್ತರವಿದೆಯೇ ನೋಡಿಕೊಳ್ಳಿ.

ಬಸ್ಸಿಗೆ ಮುಂಚೆ ನುಂಗುವ ವಾಂತಿ ಮಾತ್ರೆಯನ್ನು ಇದಕ್ಕೆ ನುಂಗಬೇಡಿ. ಅಂಥ ಹಲವು ಮಾತ್ರೆಗಳು ನಿದ್ದೆ ಬರಿಸುತ್ತವೆ, ಮೈ ಕೊಡುವ ಮುನ್ಸೂಚನೆಯನ್ನೂ ಮಂಕು ಮಾಡುತ್ತವೆ. ಈಗ ನಮಗೆ ಬೇಕಿರುವುದು ಆ ಮುನ್ಸೂಚನೆಯೇ.

ಪಕ್ಕದಲ್ಲಿ ಒಬ್ಬರು ಗಡಿಯಾರ ಹಿಡಿದು ಕೂತಿರಲಿ. ಎರಡು ನಿಮಿಷಕ್ಕೊಮ್ಮೆ "ಹೊಟ್ಟೆಗೆ ಎಷ್ಟು?" ಎಂದು ಕೇಳಲಿ. ಸೊನ್ನೆ ಅಂದರೆ ಏನೂ ಇಲ್ಲ, ಹತ್ತು ಅಂದರೆ ಬಕೆಟ್ ತನ್ನಿ. ಎರಡು ಅಂದ ತಕ್ಷಣ ತೆಗೆಯಬೇಕು, ಚರ್ಚೆಯಿಲ್ಲ. ಉತ್ತರ ಸೊನ್ನೆ ಇದ್ದರೂ ಮೈಯನ್ನು ಗಮನಿಸಿ. ನಿದ್ದೆಯಿಲ್ಲದಿದ್ದರೂ ಮೇಲಿಂದ ಮೇಲೆ ಆಕಳಿಕೆ, ಬಾಯಲ್ಲಿ ನೀರೂರುವುದು, ಹಣೆಯಲ್ಲಿ ತಣ್ಣನೆ ಬೆವರು, ಮುಖ ಬಿಳಿಚುವುದು, ಇವು ವಾಕರಿಕೆಗಿಂತ ಮೊದಲೇ ಬರಬಹುದು.

ನಮ್ಮ ಟೀಚರ್ 25 ತುಂಡಿನ ಒಗಟು ಶುರು ಮಾಡಿದಾಗ ಮೊದಲ ಮೂರು ಸಲ ಉತ್ತರ "ಸೊನ್ನೆ". ನಾಲ್ಕನೆಯ ಸಲವೂ ಸೊನ್ನೆಯೇ, ಆದರೆ ಅಷ್ಟರಲ್ಲಿ ಎರಡು ಬಾರಿ ಆಕಳಿಸಿದ್ದಳು. "ತೆಗಿ" ಅಂದೆ. "ಇನ್ನೊಂದೇ ಗೋಪುರ ಅಣ್ಣ, ಮುಗಿದೋಯ್ತದೆ" ಅಂದಳು. ತೆಗೆಸಿದೆ. ಒಂದು ನಿಮಿಷಕ್ಕೆ "ಹೊಟ್ಟೆ ಒಂಥರಾ ಆಯ್ತಾದೆ" ಎಂದಳು, ಕಿಟಕಿಯ ಹತ್ತಿರ ಹೋಗಿ ದೂರದ ತೆಂಗಿನಮರ ನೋಡುತ್ತಾ ನಿಂತಳು, ಕಾಫಿ ಕುಡಿಯುವಷ್ಟರಲ್ಲಿ ಸರಿಹೋಯಿತು. ಇದನ್ನು ಸೋಲು ಅಂದುಕೊಳ್ಳಬೇಡಿ, ಅವಳ ಮಿತಿ ಎಂಟು ನಿಮಿಷ ಎಂದು ಆ ದಿನ ತಿಳಿಯಿತು.

ಎಲ್ಲಕ್ಕಿಂತ ದೊಡ್ಡ ತಪ್ಪು "ತಡಕೊಂಡು ಆಡಿದರೆ ಅಭ್ಯಾಸ ಆಗುತ್ತೆ" ಎನ್ನುವುದು. ಅಭ್ಯಾಸ ಆಗುವುದು ನಿಜ, ಆದರೆ ಅದು ಚೆನ್ನಾಗಿರುವಾಗಲೇ ನಿಲ್ಲಿಸಿದ ಸಣ್ಣ ಸಣ್ಣ ಅವಧಿಗಳಿಂದ, ಬೇರೆ ಬೇರೆ ದಿನಗಳಲ್ಲಿ. ವಾಕರಿಕೆಯ ಮೇಲೇ ಆಡುತ್ತಾ ಹೋದರೆ ಮೆದುಳು ಹೆಡ್‌ಸೆಟ್ಟನ್ನೂ ವಾಂತಿಯನ್ನೂ ಗಂಟು ಹಾಕಿಕೊಳ್ಳುತ್ತದೆ. ಆಮೇಲೆ ಅದರ ಸ್ಪಂಜಿನ ವಾಸನೆ ಬಂದರೂ ಹೊಟ್ಟೆ ತಿರುಗುವವರಿದ್ದಾರೆ. ಸಂಪೂರ್ಣ ಸರಿಹೋಗುವ ತನಕ ಮತ್ತೆ ಹಾಕಬೇಡಿ, ಸ್ಕೂಟರ್ ಹತ್ತಬೇಡಿ, ಗಾಡಿ ಓಡಿಸಬೇಡಿ.

7. ಇದರಲ್ಲೂ ತೊಂದರೆಯಾದರೆ

ಮೊದಲು ಎಲ್ಲಿ ತೊಂದರೆ ಎಂದು ಗುರುತಿಸಿ. ಹುಬ್ಬುಗಳ ನಡುವೆ ನೋವು, ಕಣ್ಣು ಎಳೆದಂತೆ, ಆದರೆ ಹೊಟ್ಟೆ ಸರಿಯಿದೆ ಅಂದರೆ ಅದು ಚಲನೆಯ ದೋಷವಲ್ಲ. ಲೆನ್ಸಿನ ಅಂತರ, ಪಟ್ಟಿಯ ಬಿಗಿ, ನಿಮ್ಮ ಕನ್ನಡಕದ ನಂಬರು ಇವುಗಳನ್ನು ನೋಡಿ. ತುಂಡುಗಳನ್ನು ಮೂಗಿನ ಹತ್ತಿರಕ್ಕೆ ತಂದು ನೋಡುವ ಅಭ್ಯಾಸವಿದ್ದರೆ ಅದನ್ನೂ ಬಿಡಿ. ಪರದೆಯ ದೂರ ಕಣ್ಣಿಗೆ ಬದಲಾಗುವುದಿಲ್ಲ, ಆದರೂ ಕಣ್ಣುಗುಡ್ಡೆಗಳು ಹತ್ತಿರದ ವಸ್ತುವಿಗೆ ಒಳಮುಖವಾಗಿ ತಿರುಗಬೇಕಾಗುತ್ತದೆ, ಅದರಿಂದ ದಣಿವು. ಕೈ ಚಾಚಿದಷ್ಟು ದೂರದಲ್ಲಿಟ್ಟು ಜೋಡಿಸಿ.

ಹೊಟ್ಟೆಯೇ ತೊಳಸುತ್ತಿದ್ದರೆ ಪಾಸ್‌ಥ್ರೂ ಹಾಕಿದೆಯೇ, ದೃಶ್ಯ ತೇಲುತ್ತಿದೆಯೇ ನೋಡಿ. ಎಲ್ಲ ಸರಿಯಿದ್ದೂ ಬೇರೆ ಬೇರೆ ದಿನ ಮೂರು ನಿಮಿಷಕ್ಕೇ ವಾಕರಿಕೆ ಬರುತ್ತಿದ್ದರೆ, ಅಂಥವರೂ ಇದ್ದಾರೆ, ಹಣ ವಾಪಸ್ ಕೇಳಿ ಬಿಟ್ಟುಬಿಡಿ.

8. ಎರಡನೇ ಆಟಕ್ಕೆ ಯಾವಾಗ?

ಇಪ್ಪತ್ತು ನಿಮಿಷ ಆಡಿಯೂ ಉತ್ತರ ಸೊನ್ನೆಯೇ ಇರಬೇಕು, ಅದೂ ಬೇರೆ ಬೇರೆ ದಿನ. ಆಗ ಮಾಸ್ ಅಥವಾ ವಾಕಬೌಟ್ ಮಿನಿ ಗಾಲ್ಫ್ ತೆಗೆದುಕೊಳ್ಳಿ. ಗಾಲ್ಫ್‌ನಲ್ಲಿ ಚೆಂಡಿನ ಹತ್ತಿರಕ್ಕೆ ನೆಗೆದು ಹೋಗುತ್ತೀರಿ, ಹೊಡೆಯುವಾಗ ನಿಂತಿರುತ್ತೀರಿ. ಅದರಲ್ಲಿ ಹಾರಾಡುವ ಸೌಲಭ್ಯವೂ ಇದೆ, ಅದರ ತಂಟೆಗೆ ಹೋಗಬೇಡಿ.

ಯಾವ ಆಟ ತೆರೆದರೂ ಆಡುವ ಮುನ್ನ ಸೆಟ್ಟಿಂಗ್ಸ್‌ನಲ್ಲಿ ಮೂರು ಹೆಸರು ಹುಡುಕಿ. ನಡೆಯಲು Teleport. ತಿರುಗಲು Snap Turn, ಅಂದರೆ ಸುತ್ತುವುದು ಕಾಣದೆ ಒಂದೇ ಏಟಿಗೆ 30 ಅಥವಾ 45 ಡಿಗ್ರಿ ತಿರುಗುವುದು. ಅದರ ಬದಲು Smooth Turn ಎಂದಿದ್ದರೆ ತಕ್ಷಣ ಬದಲಿಸಿ. ಮೂರನೆಯದು Vignette: ಚಲಿಸುವಾಗ ನೋಟದ ಅಂಚನ್ನು ಕಪ್ಪು ಮಾಡಿ ನಡುವೆ ಮಾತ್ರ ಕಿಂಡಿಯಂತೆ ತೋರಿಸುವ ಏರ್ಪಾಡು. ಚಲನೆಯ ಭ್ರಮೆ ಹುಟ್ಟಿಸುವುದರಲ್ಲಿ ಕಣ್ಣಂಚಿನ ದೃಶ್ಯದ ಪಾಲು ದೊಡ್ಡದು, ಅದನ್ನು ಮುಚ್ಚಿದರೆ ಹೊಟ್ಟೆಗೆ ನೆಮ್ಮದಿ. Vignette ಪ್ರಮಾಣವನ್ನು ಪೂರ್ತಿ ಹೆಚ್ಚಿಸಿಡಿ. ಒಂದು ಆಟದಲ್ಲಿ ಬದಲಿಸಿದ್ದು ಇನ್ನೊಂದಕ್ಕೆ ಅನ್ವಯಿಸುವುದಿಲ್ಲ, ಪ್ರತಿ ಆಟದಲ್ಲೂ ಹೊಸದಾಗಿ ಹೊಂದಿಸಬೇಕು. ಈ ಮೂರೂ ಇಲ್ಲದೆ ಕಡ್ಡಿ ತಳ್ಳಿ ಓಡಾಡುವುದೊಂದೇ ದಾರಿ ಎನ್ನುವ ಆಟವಾದರೆ, ಅದನ್ನು ತಮ್ಮನಿಗೇ ಬಿಡಿ.